ಮೂರು ಬ್ರೆಡ್, ಒಂದು 150ಎ

ನಮ್ಮ ಮನೆಗೆ ಈಗ ಬರುವುದು 60 ರೂಪಾಯಿಯ ಸಂಪೂರ್ಣ ಗೋಧಿ ಬ್ರೆಡ್. ಅದಕ್ಕೂ ಮೊದಲು ಮೂರು ತಿಂಗಳು 50 ರೂಪಾಯಿಯ ‘ಬ್ರೌನ್ ಬ್ರೆಡ್’ ತಂದು ಮೋಸ ಹೋಗಿದ್ದೇನೆ. ಮೋಸ ಎಂದರೆ ಪೂರ್ತಿ ನಿಜವಲ್ಲ. ವಿಷಯವೆಲ್ಲ ಪೊಟ್ಟಣದ ಮೇಲೆಯೇ ಅಚ್ಚಾಗಿತ್ತು, ಓದದವಳು ನಾನು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಮೈದಾ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರಿಂದ ಬಿಳಿ ಬ್ರೆಡ್ ಬಿಟ್ಟು ಕಂದು ಬಣ್ಣದ್ದಕ್ಕೆ ಹೋಗಿದ್ದೆ. ಒಂದು ದಿನ ಅಪ್ಪ ಕನ್ನಡಕ ಹಣೆಗೇರಿಸಿ ಪೊಟ್ಟಣವನ್ನು ಕಣ್ಣಿಗೆ ಹಿಡಿದು, “ಇದೇನಮ್ಮಾ, ತಿನ್ನುವ ವಸ್ತುವಿನ ಮೇಲೆ ಲಾರಿ ನಂಬರ್ ಬರೆದಿದ್ದಾರೆ?” ಎಂದರು. ಐಎನ್‌ಎಸ್ 282, 471, 481, 300, 150ಎ. ಅಂಟಿನ ಮಡಿಕೆಯೊಳಗೆ ಅರ್ಧ ಸೇರಿಕೊಂಡಿದ್ದ ಆ ಸಾಲನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿಯೇ ಓದಬೇಕಾಯಿತು.

ಈ ಸಂಖ್ಯೆಗಳು ಆಹಾರಕ್ಕೆ ಸೇರಿಸುವ ಪದಾರ್ಥಗಳ ಅಂತರರಾಷ್ಟ್ರೀಯ ಕ್ರಮಸಂಖ್ಯೆಗಳು. ಸ್ಥೂಲವಾಗಿ 100ರ ಸಾಲು ಬಣ್ಣಕ್ಕೆ, 200ರ ಸಾಲು ಕೆಡದಂತೆ ಕಾಯುವುದಕ್ಕೆ. ಸಂಖ್ಯೆ ಇದೆ ಎಂದ ಮಾತ್ರಕ್ಕೆ ಅದು ವಿಷವೂ ಅಲ್ಲ, ಒಳ್ಳೆಯದೆಂಬ ಮುದ್ರೆಯೂ ಅಲ್ಲ. ಅದು ಹೆಸರಿನ ಬದಲಿಗೆ ಬರೆದ ಗುರುತು, ಅಷ್ಟೇ. 300 ಎಂದರೆ ವಿಟಮಿನ್ ಸಿ, ನೆಲ್ಲಿಕಾಯಿಯಲ್ಲಿರುವುದೇ. ಇಲ್ಲಿ ಹಿಟ್ಟಿನ ಜಿಗುಟು ಗಟ್ಟಿಯಾಗಲು ಹಾಕುತ್ತಾರೆ. 500ರ ಎರಡನೆಯ ಉಪಸಂಖ್ಯೆ ನಮ್ಮ ಅಡುಗೆ ಸೋಡಾ. 471 ಮತ್ತು 481 ಬ್ರೆಡ್ಡನ್ನು ಮೆತ್ತಗಿಡುತ್ತವೆ.

ನನ್ನನ್ನು ಕೆಣಕಿದ್ದು 150ಎ. ಅದು ಸಾದಾ ಕ್ಯಾರಮೆಲ್ ಬಣ್ಣ, ಸಕ್ಕರೆಯನ್ನು ಕಾಯಿಸಿ ಕಂದಿಸಿ ಮಾಡಿದ್ದು. ಅದರಿಂದ ಅಪಾಯವಿದೆ ಎಂದು ನಾನು ಹೇಳುತ್ತಿಲ್ಲ. ಗೋಧಿಯ ತೌಡು ತಾನಾಗಿ ಕೊಡುವ ಬಣ್ಣವಿದ್ದರೆ ಮೇಲೆ ಇನ್ನೊಂದು ಬಣ್ಣ ಏಕೆ? ಉತ್ತರ ಪಟ್ಟಿಯ ಆರಂಭದಲ್ಲೇ ಇತ್ತು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಎಂಬುದು ನಿಯಮ. ಮೊದಲ ಹೆಸರು ಮೈದಾ, ಗೋಧಿ ಹಿಟ್ಟು ಎರಡನೆಯದು, ಅದೂ 20 ಶೇಕಡಾ. ಅಂದರೆ ನಾನು 10 ರೂಪಾಯಿ ಹೆಚ್ಚು ಕೊಟ್ಟು ಹೆಚ್ಚುಕಡಿಮೆ ಬಿಳಿ ಬ್ರೆಡ್ಡಿಗೇ ಬಣ್ಣ ಹಚ್ಚಿಸಿಕೊಂಡು ಬರುತ್ತಿದ್ದೆ.

ಆಮೇಲೆ ಎರಡೂ ಬ್ರೆಡ್ ತಂದು ಒಂದೊಂದು ಚೂರನ್ನು ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದೆ. 150ಎ ಇರುವುದು ಕಾಫಿಯಲ್ಲಿ ಅದ್ದಿದ ಬಟ್ಟೆಯಂತೆ ಎಲ್ಲೆಡೆ ಒಂದೇ ಕಂದು. ಗೋಧಿಯದು ಅದಕ್ಕಿಂತ ತಿಳಿ ಬಣ್ಣ, ಮೈತುಂಬ ತೌಡಿನ ಚುಕ್ಕೆ. ನಾನು ಇಷ್ಟು ದಿನ ಗಾಢ ಬಣ್ಣವನ್ನೇ ಹೆಚ್ಚು ಗೋಧಿ ಎಂದು ತಿಳಿದದ್ದು! ಗೋಧಿ ಬ್ರೆಡ್ಡಿನ ಪಟ್ಟಿಯಲ್ಲೂ 282, 471 ಇವೆ. 150 ಇಲ್ಲ, ಮೊದಲ ಹೆಸರು ಸಂಪೂರ್ಣ ಗೋಧಿ ಹಿಟ್ಟು. ಸಕ್ಕರೆ ಅದರಲ್ಲೂ ಇದೆ, ಹಾಗಾಗಿ ಅಪ್ಪನಿಗೆ ಎರಡೇ ಚೂರು.

ಮೂರನೆಯದು ಬೀದಿ ಕೊನೆಯ ಬೇಕರಿಯ ಬ್ರೆಡ್, 40 ರೂಪಾಯಿ. ಸಂಖ್ಯೆಯೇ ಇಲ್ಲ ಎಂದು ಹಿಗ್ಗಿದೆ. ನೋಡಿದರೆ ಚೀಟಿಯೇ ಇರಲಿಲ್ಲ. ಚೀಟಿ ಇಲ್ಲದ ಮಾತ್ರಕ್ಕೆ ಒಳಗೆ ಏನೂ ಹಾಕಿಲ್ಲ ಎಂದಲ್ಲ. ಆದರೆ ಜುಲೈ ಮಳೆಯಲ್ಲಿ ಮೂರನೆಯ ದಿನ ಅದರ ಅಂಚಿಗೆ ಹಸಿರು ಬೂಸ್ಟು ಬಂತು. ಪಕ್ಕದಲ್ಲೇ ಇಟ್ಟಿದ್ದ ಉಳಿದೆರಡು ಆರನೆಯ ದಿನಕ್ಕೂ ಚೆನ್ನಾಗಿದ್ದವು. ಅದು 282ರ ಕೆಲಸವಿರಬೇಕು. 282 ಎಂದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಅದು ಬೂಸ್ಟನ್ನು ತಡೆಯುತ್ತದೆ, ಆದರೆ ಹಿಟ್ಟು ಉಬ್ಬಿಸುವ ಯೀಸ್ಟಿಗೆ ಅಷ್ಟಾಗಿ ಅಡ್ಡಿ ಮಾಡುವುದಿಲ್ಲ. ಬ್ರೆಡ್ ಮಾಡುವವರು ಇದನ್ನೇ ಆರಿಸುವುದು ಅದಕ್ಕಾಗಿ. ಯಾವ ಸಂಖ್ಯೆಗೆ ಮೊದಲು ಹೆದರಿದ್ದೆನೋ ಅದರ ಬಗ್ಗೆಯೇ ಈಗ ತಕರಾರು ಕಡಿಮೆ.

924 ಎಂಬುದೊಂದಿದೆ, ಪೊಟ್ಯಾಸಿಯಂ ಬ್ರೋಮೇಟ್. 2016ರಲ್ಲಿ ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದ್ದಾರೆ. ಪೊಟ್ಟಣದಲ್ಲಿ ಅದು ಕಂಡರೆ ಅಂಗಡಿಗೆ ಹಿಂತಿರುಗಿಸಿ.

ವಾರಕ್ಕೆ ಒಂದೇ ಪೊಟ್ಟಣ, ತಿನ್ನುವವರು ಇಬ್ಬರು. ಹಾಗಾಗಿ 60 ರೂಪಾಯಿ ನಮಗೆ ಭಾರವಲ್ಲ. ದಿನಕ್ಕೊಂದು ಪೊಟ್ಟಣ ಖಾಲಿಯಾಗುವ ಮನೆಯಾದರೆ ಬೇಕರಿಯದೇ ಸರಿ, ಬೂಸ್ಟು ಬರುವಷ್ಟು ಹೊತ್ತು ಅದು ಉಳಿಯುವುದೇ ಇಲ್ಲ. ಅಕ್ಕನ ಮಕ್ಕಳು ರಜೆಗೆ ಬಂದಾಗ ನಾನೂ ಅಲ್ಲಿಂದ ಬಿಳಿ ಬ್ರೆಡ್ಡನ್ನೇ ತರುತ್ತೇನೆ. ಕಂದು ಬಣ್ಣದ್ದನ್ನು ಮಾತ್ರ ಮತ್ತೆ ತಂದಿಲ್ಲ.

ಅಪ್ಪ ಈಗ ಉಪ್ಪಿನಕಾಯಿ ಬಾಟಲಿ ಹಿಡಿದು ಕುಳಿತಿದ್ದಾರೆ. “211 ಯಾವ ಊರಿನ ಲಾರಿಯಮ್ಮಾ?”