ಆರೂವರೆ ವರ್ಷ ಕಂತು ಕಟ್ಟಿದ ಮೇಲೆ: ಅಮ್ಮನ ಹೆಲ್ತ್ ಪಾಲಿಸಿ ಕೈ ಹಿಡಿದಿದ್ದು ಎಷ್ಟು?

ಅಮ್ಮನ ಹೆಸರಲ್ಲಿ 5 ಲಕ್ಷದ ಪಾಲಿಸಿ ಮಾಡಿಸಿದ್ದು 2018ರ ಅಕ್ಟೋಬರ್‌ನಲ್ಲಿ. ಕುವೆಂಪುನಗರದ ನಮ್ಮ ಮನೆ ಜಗಲಿಯಲ್ಲೇ ಕೂತು ಏಜೆಂಟ್ ಫಾರಂ ತುಂಬಿದರು. 'ಬಿಪಿ ಯಾರಿಗಿಲ್ಲ ಸಾರ್, ಸುಮ್ನೆ ಯಾಕೆ ಬರೀಬೇಕು' ಅಂದರು. ನಾನೂ ತಲೆಯಾಡಿಸಿದೆ. ತಪ್ಪು ನನ್ನದೇ.

2025ರ ಫೆಬ್ರವರಿಯಲ್ಲಿ ಅಮ್ಮನಿಗೆ ಎದೆನೋವು ಬಂತು. ಮೈಸೂರಿನಲ್ಲೇ ಎರಡು ಸ್ಟೆಂಟ್ ಹಾಕಿದರು, ಬಿಲ್ 6.4 ಲಕ್ಷ. ಅಡ್ಮಿಟ್ ಮಾಡುವಾಗ ಡ್ಯೂಟಿ ಡಾಕ್ಟರ್ ಕೇಳಿದ್ದಕ್ಕೆ 'ಹತ್ತು ವರ್ಷದಿಂದ ಬಿಪಿ ಮಾತ್ರೆ ತಗೋತಾರೆ' ಅಂದಿದ್ದೆ. ಅದು ಕೇಸ್ ಶೀಟ್‌ಗೆ ಹೋಯಿತು. ಕಂಪನಿಯವರು ಅದನ್ನೇ ಹಿಡಿದು, ಪಾಲಿಸಿ ಮಾಡಿಸುವಾಗ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕ್ಯಾಶ್‌ಲೆಸ್ ನಿರಾಕರಿಸಿದರು. ಒಡವೆ ಅಡವಿಟ್ಟು ಬಿಲ್ ಕಟ್ಟಿದ್ದಾಯಿತು.

ಆಮೇಲೆ ಪಾಲಿಸಿ ಪುಸ್ತಕ ತೆಗೆದು ನೋಡಿದರೆ 'ಮೊರಟೋರಿಯಂ' ಅನ್ನೋ ಷರತ್ತು ಕಂಡಿತು. 60 ತಿಂಗಳು ಬಿಡದೆ ಪಾಲಿಸಿ ನಡೆದಿದ್ದರೆ, ಮಾಹಿತಿ ಕೊಟ್ಟಿಲ್ಲ, ತಪ್ಪು ಮಾಹಿತಿ ಕೊಟ್ಟಿದ್ದೀರಿ ಅನ್ನೋ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ವಂಚನೆ ಅಂತ ಸಾಬೀತಾದರೆ ಮಾತ್ರ ಬೇರೆ ಮಾತು. ಮೊದಲು ಇದು 8 ವರ್ಷ ಇತ್ತು, 2024ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 5 ವರ್ಷಕ್ಕೆ ಇಳಿಸಿತು.

ನಮ್ಮದು 76 ತಿಂಗಳು ದಾಟಿತ್ತು. ಭಯ ಇದ್ದಿದ್ದು 2020ರ ರಿನ್ಯೂವಲ್ ಬಗ್ಗೆ, ಆಗ 11 ದಿನ ತಡವಾಗಿ ಕಟ್ಟಿದ್ದೆ. ವಾರ್ಷಿಕ ಕಂತಿಗೆ 30 ದಿನದ ಗ್ರೇಸ್ ಇರುತ್ತೆ, ಅದರೊಳಗೇ ಇತ್ತು, ಸರಪಳಿ ಕಡಿದಿರಲಿಲ್ಲ. ರಸೀದಿ ಸಿಗದೆ ಬೀರುವೆಲ್ಲಾ ಕೆದಕಿದ್ದೇ ದೊಡ್ಡ ಕೆಲಸ.

ಏಳು ವರ್ಷದ ರಿನ್ಯೂವಲ್ ಪ್ರತಿಗಳು, ಆ ಷರತ್ತಿನ ಪುಟ, ಒಂದು ಪತ್ರ ಸೇರಿಸಿ ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಮೇಲ್ ಮಾಡಿದೆ. ಅಲ್ಲಿ ಆಗದಿದ್ದರೆ ಒಂದು ತಿಂಗಳ ನಂತರ ಬೆಂಗಳೂರಿನ ವಿಮಾ ಲೋಕಪಾಲರ ಬಳಿ ಹೋಗೋಣ ಅಂತಿದ್ದೆ. ಅಲ್ಲಿ ಖರ್ಚಿಲ್ಲ, ವಕೀಲರೂ ಬೇಡ. ಅಷ್ಟರಲ್ಲೇ ಉತ್ತರ ಬಂತು.

5 ಲಕ್ಷ ಕೊಟ್ಟರು. ಬಾಕಿ 1.4 ಲಕ್ಷ? 2022ರ ಅಕ್ಟೋಬರ್‌ನಲ್ಲಿ ಕವರ್ 10 ಲಕ್ಷಕ್ಕೆ ಏರಿಸಿದ್ದೆ, ಆಗಲೂ ಬಿಪಿ ಬರೆದಿರಲಿಲ್ಲ. ಏರಿಸಿದ ಭಾಗಕ್ಕೆ 60 ತಿಂಗಳು ಏರಿಸಿದ ದಿನದಿಂದಲೇ ಎಣಿಕೆ. ಅದು ಆಗ 28 ತಿಂಗಳಷ್ಟೇ. ಆ ಹಣ ಹೋಯಿತು, ವಾದ ಮಾಡೋಕೆ ಜಾಗವೇ ಇರಲಿಲ್ಲ.

ಇನ್ನೊಂದು, ಮೊರಟೋರಿಯಂ ಕಾಯೋದು ಮುಚ್ಚಿಟ್ಟಿದ್ದೀರಿ ಅನ್ನೋ ಆರೋಪದಿಂದ ಮಾತ್ರ. ಬಿಲ್‌ನಲ್ಲಿ ನಾವೇ ಕಟ್ಟಬೇಕಾದ ಕೋ-ಪೇ ಪಾಲು, ರೂಮ್ ಬಾಡಿಗೆ ಮಿತಿ, ಪಾಲಿಸಿಯಲ್ಲೇ ಕೈಬಿಟ್ಟ ಚಿಕಿತ್ಸೆಗಳು, ಅವೆಲ್ಲ ಹಾಗೇ ಇರುತ್ತವೆ. ಕಂಪನಿ ಬದಲಿಸಿದರೂ, ಹೊಸದಾಗಿ ಮಾಡಿಸದೆ ಹಳೆಯ ಪಾಲಿಸಿಯನ್ನೇ ಹೊಸ ಕಂಪನಿಗೆ ಪೋರ್ಟ್ ಮಾಡಿಸಿಕೊಂಡಿದ್ದರೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ಪಾಲಿಸಿಗೆ ನನ್ನ ಅಂಕ 5ಕ್ಕೆ 3. ಏಜೆಂಟರಿಗೆ ಸೊನ್ನೆ. ಕಳೆದ ರಿನ್ಯೂವಲ್‌ನಲ್ಲಿ ಬಿಪಿ, ಸ್ಟೆಂಟ್ ಎರಡನ್ನೂ ನಾನೇ ಬರೆದು ಕಳಿಸಿದ್ದೇನೆ, ಸ್ವೀಕೃತಿ ಮೇಲ್ ಪ್ರಿಂಟ್ ತೆಗೆದು ಆ ಬೀರುವಿನಲ್ಲೇ ಇಟ್ಟಿದ್ದೇನೆ.