ಒಂದೇ ವಾರ್ಷಿಕ ಕೊಡುಗೆ, ನಾಲ್ಕು ಬಗೆಯ ಒಕ್ಕಣೆ

ಮಲೆನಾಡಿನ ಜಿಮ್‌ನವರಿಗೆ ಜನವರಿಗಿಂತ ಜೂನ್ ದೊಡ್ಡ ತಿಂಗಳು. ಮಳೆ ಹಿಡಿದುಕೊಂಡಿತೆಂದರೆ ಬೆಳಗಿನ ನಡಿಗೆಯವರಿಗೆ ಕ್ರೀಡಾಂಗಣವೂ ಇಲ್ಲ, ತುಂಗೆಯ ದಂಡೆಯೂ ಇಲ್ಲ. ಶಿವಮೊಗ್ಗದ ವಿನೋಬನಗರದ ನಮ್ಮ ಪುಟ್ಟ ಜಿಮ್‌ನಲ್ಲಿ ಅಣ್ಣ ತರಬೇತಿ ನೋಡಿಕೊಳ್ಳುತ್ತಾನೆ. ಬಾಗಿಲ ಬಳಿಯ ಮೇಜು, ರಸೀದಿ ಪುಸ್ತಕ ಮತ್ತು ಇನ್‌ಸ್ಟಾಗ್ರಾಮ್ ಪುಟ ನನ್ನ ಪಾಲಿನವು. ವಾರ್ಷಿಕ ಸದಸ್ಯತ್ವದ ಕೊಡುಗೆಗೆ ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕು ಬಗೆಯ ಒಕ್ಕಣೆ ಹಾಕಿ ನೋಡಿದ್ದೇವೆ. ಕೊಡುಗೆ ಮಾತ್ರ ಒಂದೇ: ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 9,000.

ನಾಲ್ಕನ್ನೂ ಒಂದೇ ಕಾಲದಲ್ಲಿ ಹಾಕಿದ್ದಲ್ಲವಾದ್ದರಿಂದ ಎಷ್ಟು ಕರೆ ಬಂದವು ಎಂದು ಹೋಲಿಸುವುದು ನ್ಯಾಯವಲ್ಲ. ಒಕ್ಕಣೆ ಓದಿ ಮೇಜಿನ ಮುಂದೆ ನಿಂತವರು ಏನು ಕೇಳಿದರು ಎಂಬುದನ್ನು ಹೋಲಿಸುತ್ತೇನೆ. ನನ್ನ ಕೆಲಸಕ್ಕೆ ಅದೇ ಮುಖ್ಯ.

ಮೊದಲನೆಯದು ಅಣ್ಣನ ಗೆಳೆಯರ ಸಲಹೆ: «ನಿಮಗಿಂತ ಮೊದಲು ನಿಮ್ಮ ಹೊಟ್ಟೆ ಬಾಗಿಲು ದಾಟುತ್ತಿದೆಯೇ? ಇಂದೇ ಸೇರಿ!» ನಗೆಗೇನೂ ಕೊರತೆಯಾಗಲಿಲ್ಲ. ಗೆಳೆಯರು ಗೆಳೆಯರನ್ನು ಟ್ಯಾಗ್ ಮಾಡಿದರು, ಅಳಿಯ ಮಾವನನ್ನು ಟ್ಯಾಗ್ ಮಾಡಿದ. ಆದರೆ ಟ್ಯಾಗ್ ಆದವರು ಯಾರೂ ಮೆಟ್ಟಿಲು ಹತ್ತಲಿಲ್ಲ. ನಾಲ್ಕು ಜನರ ಮುಂದೆ ನಗೆಗೆ ಗುರಿಯಾದವರು ಅದೇ ಹಾಸ್ಯ ಮಾಡಿದವರ ಬಾಗಿಲಿಗೆ ದುಡ್ಡು ಹಿಡಿದು ಬಂದಾರೆಯೇ? ಕರೆ ಮಾಡಿದ ಹೆಂಗಸೊಬ್ಬರು ದರ ಕೇಳುವ ಮೊದಲೇ, «ಅಲ್ಲಿ ಗಂಡಸರು ನೋಡುತ್ತಾ ನಿಂತಿರುತ್ತಾರೆಯೇ?» ಎಂದು ಕೇಳಿದರು. ಇಷ್ಟು ಸಾಲದೆಂದು ಅದನ್ನು ದುಡ್ಡು ಕೊಟ್ಟು ಜಾಹೀರಾತಾಗಿ ಓಡಿಸಹೊರಟಾಗ ತಿರಸ್ಕಾರವಾಯಿತು. ತೂಕ ಇಳಿಸುವ ಸೇವೆಗಳನ್ನು ಮಾರಲು ಜನರಿಗೆ ತಮ್ಮ ದೇಹದ ಬಗ್ಗೆ ಕೀಳರಿಮೆ ಹುಟ್ಟಿಸುವ ಜಾಹೀರಾತುಗಳನ್ನು ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯ ನಿಯಮ ಒಪ್ಪುವುದಿಲ್ಲ.

ಎರಡನೆಯದು ಎಲ್ಲ ಊರಿನ ಗೋಡೆಗಳ ಮೇಲೂ ಇರುವಂಥದ್ದು: «90 ದಿನಗಳಲ್ಲಿ 15 ಕಿಲೋ ಇಳಿಸಿ, ಹೊಸ ಮನುಷ್ಯರಾಗಿ.» ಕೆಳಗೆ ಸಣ್ಣ ಅಕ್ಷರದಲ್ಲಿ ‘ಷರತ್ತುಗಳು ಅನ್ವಯ’. ಇದಕ್ಕೆ ಜನ ಬಂದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಂದವರು ಕೊಂಡದ್ದು ಜಿಮ್ ಅಲ್ಲ, 15 ಕಿಲೋ. 90 ದಿನ ಎಂದರೆ ಹದಿಮೂರು ವಾರಕ್ಕೂ ಕಡಿಮೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಕೆ ಎಂಬುದು ಸಾಮಾನ್ಯವಾಗಿ ವೈದ್ಯರು ಹೇಳುವ ಮಿತಿ. ಆ ಲೆಕ್ಕದಲ್ಲಿ, ಎಲ್ಲವೂ ಅನುಕೂಲವಾಗಿದ್ದರೂ, ಹದಿಮೂರು ಕಿಲೋ ಮುಟ್ಟುವುದಿಲ್ಲ. ಅದರಲ್ಲೂ ದೊಡ್ಡ ಪಾಲು ಊಟದ ಕೈಯಲ್ಲಿದೆ. ಥೈರಾಯ್ಡ್ ತೊಂದರೆಯಿರುವವರು, ಈಚೆಗೆ ಹೆರಿಗೆಯಾದವರು, ರಾತ್ರಿ ಪಾಳಿಯವರು, ಎಲ್ಲರ ದೇಹವೂ ಒಂದೇ ಲೆಕ್ಕಕ್ಕೆ ಬಗ್ಗುವುದಿಲ್ಲ. ಭಾರ ಎತ್ತುವ ವ್ಯಾಯಾಮ ಹೊಸದಾಗಿ ಶುರು ಮಾಡಿದವರಲ್ಲಿ ಬಲ ಹೆಚ್ಚಿ, ಸೊಂಟದ ಸುತ್ತಳತೆ ಇಳಿದು, ತೂಕದ ಮುಳ್ಳು ಮಾತ್ರ ನಿಂತಲ್ಲೇ ನಿಲ್ಲುವುದೂ ಉಂಟು. ಮೊದಲ ದಿನ ಮೂರು ಕಿಲೋ ಡಂಬೆಲ್‌ಗೆ ತಿಣುಕುತ್ತಿದ್ದ ಒಬ್ಬರು ಎಂಟು ಕಿಲೋ ಹಿಡಿದು ಸಲೀಸಾಗಿ ಕೂತು ಏಳುವಷ್ಟಾಗಿದ್ದರು. ಆದರೂ ಮೇಜಿನ ಬಳಿ ಬಂದು, «ಇನ್ನೂ ಹನ್ನೊಂದು ಕಿಲೋ ಬಾಕಿಯಿದೆಯಲ್ಲಮ್ಮ, ದುಡ್ಡು ವಾಪಸ್ ಕೊಡಿ» ಎಂದರು. ಜಾಹೀರಾತು ನೋಡಿದರೆ ಅವರ ಮಾತಿನಲ್ಲಿ ತಪ್ಪಿಲ್ಲ.

ಆ ಸಣ್ಣ ಅಕ್ಷರ ಕಾಪಾಡುತ್ತದೆ ಎಂದುಕೊಂಡವರಿಗೆ ಒಂದು ಮಾತು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯ ಪ್ರಕಾರ ಕೆಳಗಿನ ಟಿಪ್ಪಣಿ ಮೇಲಿನ ಮುಖ್ಯ ಮಾತನ್ನು ಸುಳ್ಳು ಮಾಡುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥದ್ದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅವಕಾಶವಿದೆ. ನಮ್ಮಂಥ ಸಣ್ಣವರನ್ನು ಯಾರು ಕೇಳುತ್ತಾರೆ ಎನ್ನುವುದು ಅಣ್ಣನ ವಾದ. ಯಾರೂ ಕೇಳದಿದ್ದರೂ ದುಡ್ಡು ವಾಪಸ್ ಕೇಳುವವರಿಗೆ ಉತ್ತರ ಹೇಳಬೇಕಾದವಳು ನಾನು.

ಮೂರನೆಯದು ನನ್ನದೇ: «ನೀವು ಇರುವ ಹಾಗೆಯೇ ಚೆಂದ. ನಿಮ್ಮನ್ನು ಪ್ರೀತಿಸಿ, ನಮ್ಮೊಂದಿಗೆ ಬನ್ನಿ.» ಯಾರ ಮನಸ್ಸೂ ನೋಯಲಿಲ್ಲ, ಹೃದಯದ ಚಿಹ್ನೆಗಳು ಬಂದವು. ಕರೆ ಮಾಡಿದವರು ಮಾತ್ರ ಎಷ್ಟು, ಎಷ್ಟು ಗಂಟೆಗೆ, ಎಲ್ಲಿ ಎಂದು ಎಲ್ಲವನ್ನೂ ಮೊದಲಿನಿಂದ ಕೇಳಬೇಕಾಯಿತು. ಬೈಯುವುದರ ಬದಲು ಹೊಗಳಿದ್ದೇ ಹೊರತು, ಮಾತು ಇನ್ನೂ ಓದುವವರ ಮೈಕಟ್ಟಿನ ಸುತ್ತಲೇ ಇತ್ತು.

ನಾಲ್ಕನೆಯದರಲ್ಲಿ ಓದುವವರ ದೇಹದ ಮಾತನ್ನೇ ಬಿಟ್ಟು, ನಮ್ಮ ಕೈಯಲ್ಲಿ ಇರುವುದನ್ನಷ್ಟೇ ಬರೆದೆ:

«ಮಳೆಗಾಲದಲ್ಲೂ ವ್ಯಾಯಾಮ ತಪ್ಪಬಾರದು ಎನ್ನುವವರಿಗೆ: ವರ್ಷಕ್ಕೆ ₹9,000, ತೆರಿಗೆ ಸೇರಿ.
ಬೆಳಿಗ್ಗೆ 5.30ರಿಂದ 11, ಸಂಜೆ 4ರಿಂದ 9.30. ಬೆಳಿಗ್ಗೆ 10ರಿಂದ 11 ಮಹಿಳೆಯರಿಗೆ ಮಾತ್ರ.
ಹೊಸಬರಿಗೆ ಮೊದಲ ಎರಡು ವಾರ ತರಬೇತುದಾರರು ಜೊತೆಗಿದ್ದು ಹೇಳಿಕೊಡುತ್ತಾರೆ, ಬೇರೆ ಶುಲ್ಕವಿಲ್ಲ.
ಅಡಿಕೆ ಕೊಯ್ಲು, ಪರೀಕ್ಷೆ, ಕಾಯಿಲೆ: ವರ್ಷದಲ್ಲಿ 60 ದಿನದವರೆಗೆ ಸದಸ್ಯತ್ವ ತಡೆಹಿಡಿಯಬಹುದು. ಆ ದಿನಗಳು ಅವಧಿಯ ಕೊನೆಗೆ ಸೇರುತ್ತವೆ.
9 ತಿಂಗಳಿಗಿಂತ ಕಡಿಮೆ ಬರುವ ಅಂದಾಜಿದ್ದರೆ ತಿಂಗಳಿಗೆ ₹1,000 ಕಟ್ಟುವುದೇ ನಿಮಗೆ ಲಾಭ.»

ಇನ್‌ಸ್ಟಾಗ್ರಾಮ್ ಮೊದಲ ಸಾಲುಗಳನ್ನು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಆದ್ದರಿಂದ ಯಾರಿಗೆ, ಎಷ್ಟು ಎಂಬುದು ಮೊದಲ ಸಾಲಿನಲ್ಲೇ ಇದೆ. ಅಣ್ಣನಿಗೆ ಕಣ್ಣು ಕುಕ್ಕಿದ್ದು ಕೊನೆಯ ಸಾಲು. ನಾವೇ ಗಿರಾಕಿಯನ್ನು ತಿಂಗಳ ಶುಲ್ಕಕ್ಕೆ ತಳ್ಳುತ್ತೇವೆಯೇ ಎಂದ. ಲೆಕ್ಕ ಸರಳವಾಗಿದೆ. ಪರೀಕ್ಷೆ, ರಜೆ ಎಂದು ಊರಿಗೆ ಹೋಗುವ ಕಾಲೇಜು ಹುಡುಗ ಏಳು ತಿಂಗಳು ಬಂದರೆ ತಿಂಗಳ ಶುಲ್ಕದಲ್ಲಿ 7,000 ಆಗುತ್ತದೆ. ವಾರ್ಷಿಕದಲ್ಲಿ ಅವನಿಗೆ 2,000 ನಷ್ಟ. ಅದು ಅವನಿಗೆ ನಡು ವರ್ಷದಲ್ಲಿ ಹೊಳೆಯುತ್ತದೆ, ಆಗ ಜಗಳಕ್ಕೆ ಬರುತ್ತಾನೆ. ತೀರ್ಥಹಳ್ಳಿ ಕಡೆ ತೋಟವಿರುವ ಒಬ್ಬರು ಇದೇ ಸಾಲು ಓದಿ ಬೆರಳು ಮಡಚಿ ಎಣಿಸಿದರು. ಕೊಯ್ಲು, ಸುಲಿತ ಎಂದು ಎರಡು ತಿಂಗಳು ತೋಟದಲ್ಲಿ, ಉಳಿದ ಹತ್ತು ತಿಂಗಳು ಇಲ್ಲಿ. ತಿಂಗಳ ಲೆಕ್ಕದಲ್ಲಾದರೆ ಆ ಹತ್ತಕ್ಕೆ 10,000. ವಾರ್ಷಿಕದಲ್ಲಿ 9,000, ಮೇಲೆ ತಡೆಹಿಡಿದ 60 ದಿನ ಮುಂದಕ್ಕೆ ಸಿಗುತ್ತದೆ. ಅಲ್ಲೇ ಕಟ್ಟಿ ರಸೀದಿ ತೆಗೆದುಕೊಂಡರು. ಎಷ್ಟು ಕಿಲೋ ಇಳಿಯುತ್ತದೆ ಎಂದು ಅವರು ಕೇಳಲಿಲ್ಲ, ಚಪ್ಪಲಿ ಎಲ್ಲಿ ಬಿಡುವುದು ಎಂದು ಕೇಳಿದರು.

ಚಿತ್ರ ಬದಲಿಸದಿದ್ದರೆ ಇಷ್ಟೂ ವ್ಯರ್ಥ. ಇಂಥ ಒಕ್ಕಣೆಯ ಮೇಲೆ ಹೊಟ್ಟೆಯಲ್ಲಿ ಆರು ಗೆರೆಯ ರೂಪದರ್ಶಿಯನ್ನು ನಿಲ್ಲಿಸಿದರೆ ಎರಡನೆಯ ಒಕ್ಕಣೆಯನ್ನೇ ಮಾತಿಲ್ಲದೆ ಹೇಳಿದಂತಾಗುತ್ತದೆ. ಸದಸ್ಯರ ‘ಆಗ-ಈಗ’ ಜೋಡಿ ಚಿತ್ರವೂ ಬೇಡ. ನಾವು ಒಳಗಿನ ಹಾಲ್, ಡಂಬೆಲ್ ಸಾಲು ಮತ್ತು ಛತ್ರಿ, ರೇನ್‌ಕೋಟ್ ತೂಗುಹಾಕುವ ಜಾಗದ ಚಿತ್ರ ಹಾಕಿದೆವು. ಮಳೆಗಾಲದಲ್ಲಿ ಆ ಕೊನೆಯ ಚಿತ್ರಕ್ಕೆ ಇರುವ ಬೆಲೆ ನಮ್ಮ ಊರಿನವರಿಗೇ ಗೊತ್ತು.

ನಾಲ್ಕನೆಯದರಲ್ಲೂ ತೊಡಕಿದೆ. ಒಂದು, ಅದು ನಿಧಾನ. ಎರಡನೆಯದಕ್ಕೆ ಬಂದಂಥ ನೂಕುನುಗ್ಗಲು ಇದಕ್ಕೆ ಬರಲಿಲ್ಲ, ತಿಂಗಳ ಕೊನೆಗೆ ಬಾಡಿಗೆ ಕಟ್ಟುವ ಆತುರದಲ್ಲಿರುವವರಿಗೆ ಇದು ಒಗ್ಗದು. ಇನ್ನೊಂದು, 60 ದಿನದ ಸೌಲಭ್ಯವನ್ನು ಕೆಲವರು ಹಿಂದಿನ ದಿನಾಂಕದಿಂದ ಕೇಳುತ್ತಾರೆ: «ಹೋದ ತಿಂಗಳು ಬಂದೇ ಇಲ್ಲ, ಅದನ್ನು ಸೇರಿಸಿಕೊಳ್ಳಿ.» ಹಾಗಾಗಿ ಆ ಸಾಲಿಗೆ ‘ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ, ಒಂದು ಸಲಕ್ಕೆ ಕನಿಷ್ಠ ಏಳು ದಿನ’ ಎಂದು ಸೇರಿಸಿದೆ. ಕಾಯಿಲೆ ಬಿದ್ದವರಿಗೆ ಮಾತ್ರ ಆಮೇಲೆ ತಿಳಿಸಿದರೂ ಒಪ್ಪುತ್ತೇನೆ.