ಎದುರು ಬೆಳಕಿನ ಊಟದ ಫೋಟೋಗೆ ಹಬೆ ಅಂಟಿಸುವ ಮುನ್ನ ಇದನ್ನು ಓದಿ

ಒಂದು ಹೋಟೆಲಿನವರ ಮೆನುವಿಗಾಗಿ ಸೂಪಿನ ಫೋಟೋ ತೆಗೆದುಕೊಟ್ಟು, ಕೊನೆಗೆ ಪಡೆದ ಹಣವನ್ನು ಹಿಂದಿರುಗಿಸಬೇಕಾಗಿ ಬಂದ ಪ್ರಸಂಗವಿದು. ಕಡುಗಂದು ಮೇಜಿನ ಮೇಲೆ ಬಿಳಿ ಬಟ್ಟಲು, ಎಡಕ್ಕೆ, ಕ್ಯಾಮೆರಾದ ಪಕ್ಕದಲ್ಲೇ ಎನ್ನುವಷ್ಟು ಮುಂದೆ, ದೊಡ್ಡ ಕಿಟಕಿ. ಚಿತ್ರ ಚೆನ್ನಾಗಿಯೇ ಬಂದಿತ್ತು. ಆದರೆ ಸೂಪ್ ಬಿಸಿಯಾಗಿ ಕಾಣಬೇಕು, ಮೇಲೊಂದು ಸೊಪ್ಪಿನ ಎಲೆ ಇರಬೇಕು, ಪಕ್ಕದಲ್ಲಿ ಬ್ರೆಡ್ಡಿನ ತಟ್ಟೆಯಿದ್ದರೆ ಚಿತ್ರ ತುಂಬಿದಂತಿರುತ್ತದೆ ಎಂದು ಅವರು ಕೇಳಿದಾಗ, ಮತ್ತೆ ಫೋಟೋ ತೆಗೆಯುವ ಸೋಮಾರಿತನದಿಂದ ಮೂರನ್ನೂ ಕಂಪ್ಯೂಟರಿನಲ್ಲೇ ಸೇರಿಸಲು ಒಪ್ಪಿಕೊಂಡೆ.

ಕಪ್ಪು ಹಿನ್ನೆಲೆಯಲ್ಲಿ ತೆಗೆದಿದ್ದ ಹಬೆಯ ಸಿದ್ಧ ಚಿತ್ರವೊಂದನ್ನು ಬಟ್ಟಲಿನ ಮೇಲೆ ಹೊಸ ಪದರವಾಗಿಟ್ಟು `Screen` ವಿಧಾನ ಆರಿಸಿದೆ. ಕಪ್ಪು ಮಾಯವಾಗಿ ಹಬೆ ಮಾತ್ರ ಉಳಿಯಿತೆಂದು ನನ್ನ ಪರದೆ ಹೇಳಿತು. ಹೋಟೆಲಿನ ಗೋಡೆಯ ಟಿವಿಯಲ್ಲಿ ಅದೇ ಚಿತ್ರ ಮೂಡಿದಾಗ, ಬಟ್ಟಲಿನ ಹಿಂದಿನ ಕಡುಗಂದು ಮೇಜಿನ ಮೇಲೆ ನೇರ ಅಂಚಿನ ಬೂದು ಚೌಕವೊಂದು ನಿಂತಿತ್ತು. ಗಾಜಿಗೆ ಯಾರೋ ಟೇಪು ಅಂಟಿಸಿ ಕಿತ್ತಂತೆ.

ಕಾರಣ ಸರಳವಾದ ಲೆಕ್ಕದಲ್ಲಿದೆ. 0 ಎಂದರೆ ಪೂರ್ತಿ ಕಪ್ಪು, 255 ಎಂದರೆ ಪೂರ್ತಿ ಬಿಳಿ ಎಂಬ ಅಳತೆಯಲ್ಲಿ ಎರಡು ಪದರಗಳ ಹೊಳಪು a ಮತ್ತು b ಆಗಿದ್ದರೆ, `Screen` ವಿಧಾನ ಅವನ್ನು ಹೀಗೆ ಕೂಡಿಸುತ್ತದೆ:

```
255 - (255 - a) * (255 - b) / 255
```

ಮೇಲಿನ ಪದರ ನಿಜವಾಗಿಯೂ 0 ಆಗಿದ್ದರೆ ಮಾತ್ರ ಕೆಳಗಿನದು ಬದಲಾಗದೆ ಉಳಿಯುತ್ತದೆ. ಹಬೆಯ ಚಿತ್ರದ ಕಪ್ಪು ಬಟ್ಟೆಯನ್ನು ಅಳೆದು ನೋಡಿದಾಗ ಅದು 12 ಇತ್ತು. ಹೀಗಾಗಿ 20 ಇದ್ದ ಮೇಜು 31ಕ್ಕೆ ಏರಿತ್ತು. 240 ಇದ್ದ ಬಿಳಿ ಬಟ್ಟಲು ಮಾತ್ರ 241 ಆಗಿ, ಏನೂ ಆಗಿಲ್ಲವೆಂಬಂತೆ ನನ್ನನ್ನು ನಂಬಿಸಿತ್ತು. `Levels` ತೆರೆದು ಹಬೆಯ ಪದರದ ಕಪ್ಪು ಬಿಂದುವನ್ನು 12ಕ್ಕಿಂತ ತುಸು ಮೇಲಕ್ಕೆ ಎಳೆದಿದ್ದರೆ ಚೌಕ ಹೋಗುತ್ತಿತ್ತು. ಕಳುಹಿಸುವ ಮುನ್ನ ಇಡೀ ಚಿತ್ರದ ಮೇಲೆ ತಾತ್ಕಾಲಿಕವಾಗಿ ಒಂದು `Curves` ಪದರ ಹಾಕಿ ಕತ್ತಲೆಯ ಭಾಗವನ್ನು ವಿಪರೀತ ಬೆಳಗಿಸಿದರೆ ಇಂಥ ಅಂಚುಗಳೆಲ್ಲ ಎದ್ದು ಕಾಣುತ್ತವೆ.

ಆದರೆ ಚೌಕವನ್ನು ಅಳಿಸಿದ ಮೇಲೂ ಹಬೆ ಸುಳ್ಳಾಗಿಯೇ ಕಂಡಿತು, ನಿಜವಾದ ತಪ್ಪು ಅಲ್ಲಿತ್ತು. ಹಬೆಯೆಂದು ನಾವು ನೋಡುವುದು ಸೂಕ್ಷ್ಮ ನೀರ ಹನಿಗಳನ್ನು. ಅವು ತಮ್ಮ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಅದು ಸಾಗುತ್ತಿದ್ದ ದಿಕ್ಕಿಗೇ ಚದುರಿಸುತ್ತವೆ. ಆದ್ದರಿಂದ ಬೆಳಕು ಹಿಂದಿನಿಂದ ಬಂದು, ಬೆನ್ನಿಗೆ ಕತ್ತಲೆಯಿದ್ದಾಗ ಹಬೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ. ಎದುರಿನ ಬೆಳಕಿನಲ್ಲಿ, ಅಂದರೆ ಕ್ಯಾಮೆರಾದ ಕಡೆಯಿಂದ ಬೀಳುವ ಬೆಳಕಿನಲ್ಲಿ, ಅದೇ ಹಬೆ ಇದ್ದೂ ಇಲ್ಲದಂತಿರುತ್ತದೆ. ನನ್ನ ಚಿತ್ರದಲ್ಲಿ ಬಟ್ಟಲಿನ ನೆರಳು ಹಿಂದಕ್ಕೆ ಚಾಚಿತ್ತು, ಚಮಚದ ಹೊಳಪು ನೋಡುಗನ ಕಡೆಗಿತ್ತು, ಹಬೆ ಮಾತ್ರ ಹಿಂದಿನ ದೀಪಕ್ಕೆ ಉರಿಯುತ್ತಿತ್ತು. ಕಾರಣ ತಿಳಿಯದವರಿಗೂ ಅದು ಹೊಗೆಯಂತೆ ಕಂಡಿತು. ಎದುರು ಬೆಳಕಿನ ಚಿತ್ರಕ್ಕೆ ಹಬೆ ಹಾಕಲೇಬೇಡಿ ಎನ್ನುವುದು ಈಗ ನನ್ನ ಖಚಿತ ಅಭಿಪ್ರಾಯ.

ಎಲೆಯ ವಿಷಯದಲ್ಲಿ ಕೆಟ್ಟದ್ದು ನೆರಳು. ಸಿದ್ಧವಾಗಿ ಸಿಗುವ `Drop Shadow` ಎಲ್ಲೆಡೆ ಒಂದೇ ಮಸುಕಿನ, ಒಂದೇ ದೂರದ ಕಪ್ಪು ನೆರಳನ್ನು ಕೊಟ್ಟಿದ್ದರಿಂದ ಎಲೆ ಸೂಪಿನ ಮೇಲೆ ಕೂರದೆ ಗಾಳಿಯಲ್ಲಿ ತೇಲಿತು. ನಿಜವಾದ ಎಲೆ ಸೂಪನ್ನು ಮುಟ್ಟುವಲ್ಲಿ ಸಣ್ಣ, ಗಾಢ ಗೆರೆಯೊಂದಿರುತ್ತದೆ. ತುದಿ ಮೇಲೆದ್ದಂತೆ ನೆರಳು ಅಗಲವಾಗಿ ತಿಳಿಯಾಗುತ್ತದೆ. ಕಿತ್ತಳೆ ಬಣ್ಣದ ಸೂಪಿನ ಮೇಲೆ ಆ ನೆರಳು ಕಪ್ಪಲ್ಲ, ಕಡುಗೆಂಪು ಮಿಶ್ರಿತ ಕಂದು. ಬಟ್ಟಲಿನ ಅಂಚು ಸೂಪಿನ ಮೇಲೆ ಬೀರಿದ್ದ ನೆರಳಿನಿಂದಲೇ ಬಣ್ಣ ಎತ್ತಿಕೊಂಡು, `Multiply` ವಿಧಾನದ ಎರಡು ಪದರಗಳಲ್ಲಿ, ಮುಟ್ಟುವ ಗೆರೆಯನ್ನೊಮ್ಮೆ, ಹರಡುವ ನೆರಳನ್ನೊಮ್ಮೆ ಕೈಯಾರೆ ಬಳಿದಾಗ ಎಲೆ ಕೆಳಗಿಳಿಯಿತು.

ಬ್ರೆಡ್ಡಿನ ತಟ್ಟೆಯನ್ನು ಮಾತ್ರ ಬೆಳಕು ಎಷ್ಟು ಹೊಂದಿಸಿದರೂ ಉಳಿಸಿಕೊಳ್ಳಲಾಗಲಿಲ್ಲ. ಬಟ್ಟಲಿನ ಬಾಯಿ ಚಿತ್ರದಲ್ಲಿ 1000 ಪಿಕ್ಸೆಲ್ ಅಗಲ, 500 ಎತ್ತರವಿತ್ತು, ಅಂದರೆ ಕ್ಯಾಮೆರಾ ಸುಮಾರು 30 ಡಿಗ್ರಿ ಮೇಲಿನಿಂದ ನೋಡುತ್ತಿತ್ತು. ತಟ್ಟೆ 800ಕ್ಕೆ 690 ಇತ್ತು, ಅದು ಸುಮಾರು 60 ಡಿಗ್ರಿಯ ನೋಟ. ಹಾಗಾಗಿ ತಟ್ಟೆ ಮೇಜಿನಿಂದ ಜಾರಿ ನೋಡುಗನ ಮಡಿಲಿಗೆ ಬೀಳುವಂತೆ ಕಂಡಿತು. 400ಕ್ಕೆ ಅದುಮಿದರೆ ತಟ್ಟೆ ಸರಿಹೋಯಿತು, ಬ್ರೆಡ್ ಚಪ್ಪಟೆಯಾಯಿತು.

ಈಗ ಇಂಥದ್ದೇನಾದರೂ ಬೇಕಾಗಬಹುದೆಂಬ ಸುಳಿವಿದ್ದರೆ, ಟ್ರೈಪಾಡನ್ನು ಅಲುಗಿಸದೆ, ಅದೇ ಬೆಳಕಿನಲ್ಲಿ ಎಲೆಯಿರುವ ಬಟ್ಟಲನ್ನೂ ಪಕ್ಕದ ತಟ್ಟೆಯನ್ನೂ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಹಬೆ ಬೇಕೆಂದರೆ ಮೊದಲೇ ಬಟ್ಟಲನ್ನು ಕಿಟಕಿಯ ಮುಂದಿಟ್ಟು, ಹಬೆ ಏಳುವಲ್ಲಿ ಹಿಂದೆ ಕಪ್ಪು ರಟ್ಟು ನಿಲ್ಲಿಸಿ, ಬೆಳಕು ಅದರ ಪಕ್ಕದಿಂದ ಓರೆಯಾಗಿ ಬರುವಂತೆ ನೋಡಿಕೊಳ್ಳುತ್ತೇನೆ. ಅಂದಹಾಗೆ, ಟಿವಿಯಲ್ಲಿ ಆ ಚಿತ್ರವಿದ್ದ ಎರಡು ದಿನವೂ ಸೂಪ್ ಕೇಳಿದವರು ಬ್ರೆಡ್ ಎಲ್ಲಿ ಎಂದು ಜಗಳವಾಡಿದರಂತೆ. ಸೂಪಿನ ಜೊತೆ ಬ್ರೆಡ್ ಕೊಡುವ ಪದ್ಧತಿಯೇ ಅಲ್ಲಿರಲಿಲ್ಲ.